ಎರಡೇ ದಿನದಲ್ಲಿ ತುರಿಕೆ ನಿಲ್ಲಿಸುವ ಮುಲಾಮು

ಚರ್ಮತಜ್ಞರು ಮತ್ತೆ ಮತ್ತೆ ಕೇಳುವ ಕಥೆ ಹೆಚ್ಚುಕಡಿಮೆ ಹೀಗಿರುತ್ತದೆ. ಏಳು ವರ್ಷದ ಹುಡುಗಿಯ ಮುಂಗೈ ಒಳಬದಿಯಲ್ಲಿ ನಾಲ್ಕಾಣೆಯಷ್ಟು ಅಗಲದ ಕೆಂಪು ಮಚ್ಚೆ. ಸೆಕೆಗೆ ಬಂದಿರಬೇಕು ಎಂದು ಮನೆಯವರು ಸುಮ್ಮನಿರುತ್ತಾರೆ. ವಾರದೊಳಗೆ ಅದು ಬಳೆಯಂತೆ ದುಂಡಗಾಗಿ, ನಡುವೆ ತಿಳಿಯಾಗಿ, ಅಂಚು ಉಬ್ಬಿ ಹೊಟ್ಟು ಏಳುತ್ತದೆ. ಅಪ್ಪ ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಏನಾದ್ರೂ ಕೊಡಿ" ಎನ್ನುತ್ತಾರೆ. ತಂದ ಮುಲಾಮು ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ, ಕೆಂಪೂ ಮಾಸುತ್ತದೆ. ವಾಸಿಯಾಯಿತೆಂದು ಐದನೇ ದಿನ ಹಚ್ಚುವುದನ್ನು ಬಿಡುತ್ತಾರೆ. ಕೆಲವೇ ದಿನಗಳಲ್ಲಿ ಹುಳುಕಡ್ಡಿ ಮರಳಿ ಬರುತ್ತದೆ, ಈ ಸಲ ಅಂಗೈ ಅಗಲಕ್ಕೆ, ಒಂದು ಬಳೆಯೊಳಗೆ ಇನ್ನೊಂದು ಬಳೆ. ಅಷ್ಟರಲ್ಲಿ ತಮ್ಮನ ಸೊಂಟದಲ್ಲೂ ಒಂದು.

ಹುಳುಕಡ್ಡಿ ತರುವುದು ಒಂದು ಬಗೆಯ ಶಿಲೀಂಧ್ರ, ಅಂದರೆ ಫಂಗಸ್. ಚರ್ಮದ ಮೇಲ್ಪದರದ ಸತ್ತ ಜೀವಕೋಶಗಳಲ್ಲಿರುವ ಕೆರಾಟಿನ್ ಅದರ ಆಹಾರ. ಅದು ಹೊರಗಡೆಗೆ ಹಬ್ಬುತ್ತಾ ಹೋಗುವುದರಿಂದ ನಡುವೆ ತಿಳಿಯಾಗಿ ಅಂಚು ಮಾತ್ರ ಚುರುಕಾಗಿ ಉಳಿಯುತ್ತದೆ. ಕೆಂಪು, ಉಬ್ಬು, ತುರಿಕೆ ಇವೆಲ್ಲ ಮುಖ್ಯವಾಗಿ ದೇಹ ಅದರ ಮೇಲೆ ತಿರುಗಿಬಿದ್ದುದರ ಗುರುತು. ಆ ಅಪ್ಪ ತಂದ ಮುಲಾಮಿನಲ್ಲಿದ್ದದ್ದು ಸ್ಟೀರಾಯ್ಡ್. ಅದು ದೇಹದ ಹೋರಾಟವನ್ನು ಅಡಗಿಸುತ್ತದೆ, ಫಂಗಸ್ಸನ್ನಲ್ಲ. ಕಾವಲುಗಾರನನ್ನು ಮಲಗಿಸಿ ಕಳ್ಳನಿಗೆ ಬಾಗಿಲು ತೆರೆದಂತೆ. ಹೀಗೆ ವೇಷ ಮರೆಸಿಕೊಂಡ ಹುಳುಕಡ್ಡಿಯನ್ನು ವೈದ್ಯರು 'ಟಿನಿಯಾ ಇನ್‌ಕಾಗ್ನಿಟೊ' ಎನ್ನುತ್ತಾರೆ. ಅಂಚು ಮಸುಕಾಗಿರುತ್ತದೆ, ಆಕಾರ ಕೆಟ್ಟಿರುತ್ತದೆ, ಕೆಲವೊಮ್ಮೆ ನುರಿತವರಿಗೂ ಇಸಬಿನಂತೆ ಕಾಣುತ್ತದೆ. ಮಕ್ಕಳ ಚರ್ಮ ತೆಳುವಾದ್ದರಿಂದ ಸ್ಟೀರಾಯ್ಡ್ ಹೆಚ್ಚು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನೂ ತೆಳುವಾಗಿ ಗೆರೆಗಳು ಬೀಳುತ್ತವೆ.

ಟ್ಯೂಬಿನ ಹಿಂಬದಿ ಓದುವುದು ಒಳ್ಳೆಯದು. ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ ಇವೆಲ್ಲ ಸ್ಟೀರಾಯ್ಡುಗಳು. ಒಂದೇ ಟ್ಯೂಬಿನಲ್ಲಿ ಫಂಗಸ್ ಔಷಧ, ಆ್ಯಂಟಿಬಯಾಟಿಕ್, ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಮುಲಾಮುಗಳು ನಮ್ಮಲ್ಲಿ ಧಾರಾಳ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಅಂಗಡಿಯ ಕೌಂಟರಿನಲ್ಲಿ ಆ ನಿಯಮ ಎಷ್ಟು ನಡೆಯುತ್ತದೆ ಎಂಬುದು ಓದುಗರಿಗೇ ಗೊತ್ತು.

ಮೈಮೇಲಿನ ಒಂದೆರಡು ಮಚ್ಚೆಗೆ ಸಾಮಾನ್ಯವಾಗಿ ಬರೆಯುವುದು ಶೇ. 1ರ ಕ್ಲೋಟ್ರಿಮಜೋಲ್‌ನಂಥ ಬರೀ ಫಂಗಸ್ ಮುಲಾಮು. ತೊಳೆದು, ಪೂರ್ತಿ ಒಣಗಿಸಿ, ದಿನಕ್ಕೆರಡು ಬಾರಿ ತೆಳುವಾಗಿ ಹಚ್ಚಬೇಕು. ಮಚ್ಚೆಯ ಮೇಲಷ್ಟೇ ಅಲ್ಲ, ಅಂಚಿನಾಚೆ ಎರಡು ಸೆಂಟಿಮೀಟರಿನಷ್ಟು ಚೆನ್ನಾಗಿ ಕಾಣುವ ಚರ್ಮಕ್ಕೂ ಹಚ್ಚಬೇಕು, ಏಕೆಂದರೆ ಫಂಗಸ್ ಕಣ್ಣಿಗೆ ಕಾಣುವ ಗಡಿಯನ್ನು ಆಗಲೇ ದಾಟಿರುತ್ತದೆ. ತುರಿಕೆ ನಿಧಾನವಾಗಿ ಇಳಿಯುತ್ತದೆ, ಅದೇ ಇದರ ಕಷ್ಟ. ಮಚ್ಚೆ ಕಾಣದಾದ ಮೇಲೂ ಒಂದೆರಡು ವಾರ ಮುಂದುವರಿಸಬೇಕು, ಒಟ್ಟಿನಲ್ಲಿ ಸುಮಾರು ನಾಲ್ಕು ವಾರ. ಎರಡು ವಾರದಲ್ಲೂ ಜಗ್ಗದಿದ್ದರೆ, ಮಚ್ಚೆಗಳು ಹೆಚ್ಚಿದರೆ ವೈದ್ಯರನ್ನು ಕಾಣಬೇಕು. ಭಾರತದಲ್ಲಿ ಈಗ ಹಬ್ಬಿರುವ ಒಂದು ಜಾತಿಗೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಅದರ ಹಲವು ತಳಿಗಳು ಟರ್ಬಿನಾಫಿನ್ ಔಷಧಕ್ಕೆ ಬಗ್ಗುವುದಿಲ್ಲ. ಅನುಮಾನವಿದ್ದಾಗ ವೈದ್ಯರು ಅಂಚಿನ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತಲೆಯಲ್ಲಿ ಕೂದಲು ಉದುರಿ ಬೋಳು ಮಚ್ಚೆಯಾಗಿದ್ದರೆ ಮುಲಾಮು ಮಾತ್ರ ಸಾಲದು. ಕೂದಲ ಬುಡದವರೆಗೆ ಅದು ಇಳಿಯುವುದಿಲ್ಲ, ಆಗ ವಾರಗಟ್ಟಲೆ ಹೊಟ್ಟೆಗೆ ಔಷಧ ಬೇಕು.

ಇನ್ನು ಇದು ಎಲ್ಲಿಂದ ಬಂತು? ಆ ಹುಡುಗಿ ಬೀದಿಯ ಬೆಕ್ಕಿನ ಮರಿಯನ್ನು ಎತ್ತಿಕೊಂಡು ಆಡುತ್ತಿದ್ದಳು. ಮುಂಗೈ, ಕುತ್ತಿಗೆ, ಹೊಟ್ಟೆ ಹೀಗೆ ಮರಿಯನ್ನು ಅವಚಿಕೊಳ್ಳುವ ಕಡೆಯೇ ಮಚ್ಚೆಯೆದ್ದರೆ ಅದೊಂದು ಸುಳಿವು. ಮರಿಯ ಕಿವಿ, ಮೂತಿ, ಪಂಜದಲ್ಲಿ ರೋಮ ಉದುರಿರಬಹುದು, ಏನೂ ಕಾಣದೆಯೂ ಇರಬಹುದು. ಹಳ್ಳಿಗಳಲ್ಲಿ ಕರುವಿನಿಂದಲೂ ಅಂಟುತ್ತದೆ.

ತಮ್ಮನ ಸೊಂಟದ್ದು ಬೇರೆ ದಾರಿ. ಮಕ್ಕಳಿಬ್ಬರಿಗೂ ಒಂದೇ ಟವೆಲು, ಅದೂ ಬಚ್ಚಲಲ್ಲಿ ಒದ್ದೆಯಾಗಿಯೇ ನೇತಾಡುತ್ತಿತ್ತು. ಸದಾ ತೇವವಾಗಿರುವ ಉಡಿದಾರ ಫಂಗಸ್ಸಿಗೆ ಒಳ್ಳೆಯ ನೆಲೆ. ವಾಸಿಯಾಗುವವರೆಗೆ ಅದನ್ನು ತೆಗೆದಿಡುವುದು ಲೇಸು, ಅಜ್ಜಿ ಒಪ್ಪಿದರೆ. ಒಬ್ಬೊಬ್ಬರಿಗೆ ಒಂದೊಂದು ಟವೆಲು ಇರಲಿ. ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಒಳಮೈ ತಿರುಗಿಸಿ ಹಾಕಿ, ಹೊಲಿಗೆಯ ಜಾಗಕ್ಕೆ ಇಸ್ತ್ರಿ ಮಾಡಬೇಕು. ಮನೆಯಲ್ಲಿ ದೊಡ್ಡವರಿಗೆ ತೊಡೆಸಂದಿನಲ್ಲಿ ಇದ್ದರೆ ಹೇಳಿಕೊಳ್ಳಲು ನಾಚುತ್ತಾರೆ. ಅವರಿಗೂ ಒಟ್ಟಿಗೇ ಚಿಕಿತ್ಸೆಯಾಗದಿದ್ದರೆ ಮಗುವಿಗೆ ಮತ್ತೆ ಅಂಟುತ್ತದೆ.

ಬೆಕ್ಕನ್ನು ಓಡಿಸಬೇಕಿಲ್ಲ, ಪಶುವೈದ್ಯರಿಗೆ ತೋರಿಸಿದರೆ ಸಾಕು. ಅದು ವಾಸಿಯಾಗುವವರೆಗೆ ಮಕ್ಕಳ ಹಾಸಿಗೆಗೆ ಬಿಡಬಾರದು. ಉದುರಿದ ರೋಮದಲ್ಲಿ ಫಂಗಸ್ಸಿನ ಬೀಜಕಣಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ಒಣ ಪೊರಕೆಯಲ್ಲಿ ಗುಡಿಸಿದರೆ ಅವು ಮನೆಯೆಲ್ಲ ಹಾರುತ್ತವೆ, ಆದ್ದರಿಂದ ನೆಲವನ್ನು ಒದ್ದೆ ಬಟ್ಟೆಯಲ್ಲೇ ಒರೆಸಬೇಕು.