ಆ್ಯಪ್‌ನಲ್ಲಿ 38, ಪರೀಕ್ಷೆಯಲ್ಲಿ 29: ಆ ಒಂಬತ್ತು ಪದ ಎಲ್ಲಿ ಹೋದವು?

ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ಸಿಎಚ್‌ಎಸ್‌ಎಲ್ ಪರೀಕ್ಷೆಯಲ್ಲಿ ಕಿರಿಯ ಗುಮಾಸ್ತ ಹುದ್ದೆ ಬೇಕೆಂದರೆ ಇಂಗ್ಲಿಷ್ ಟೈಪಿಂಗ್‌ನಲ್ಲಿ ನಿಮಿಷಕ್ಕೆ 35 ಪದ ಬರಬೇಕು. ಹತ್ತು ನಿಮಿಷದ ಪರೀಕ್ಷೆ. ಇದರ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಪಾಸಾದರೆ ಸಾಕು. ಆದರೆ ಇಲ್ಲಿ ಎಡವಿದರೆ ಲಿಖಿತ ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಿದ್ದರೂ ಆ ಹುದ್ದೆ ಕೈತಪ್ಪುತ್ತದೆ. ರೈಲ್ವೆಯ ಎನ್‌ಟಿಪಿಸಿಯಲ್ಲಿ ಟೈಪಿಸ್ಟ್ ಕೆಲಸವೂ ಸೇರಿರುವ ಗುಮಾಸ್ತ ಹುದ್ದೆಗಳಿಗೆ 30 ಪದ ಕೇಳುತ್ತಾರೆ.

ನಮ್ಮ ಕಮತಗಿಯಲ್ಲಿ ವೈನಿ ಈ ಪರೀಕ್ಷೆಗೆ ಓದುತ್ತಿದ್ದಾರೆ. ಬಿ.ಎ. ಮುಗಿಸಿ ಆರು ವರ್ಷವಾಗಿದೆ. ಮೊಬೈಲಿಗೆ ಒಟಿಜಿ ಕೇಬಲ್‌ನಿಂದ ಕೀಬೋರ್ಡ್ ಜೋಡಿಸಿಕೊಂಡು ದಿನವೂ ಅಭ್ಯಾಸ ಮಾಡುತ್ತಿದ್ದರು. ಹೀಗೆ ಜೋಡಿಸಿಕೊಳ್ಳುವುದು ಅಗತ್ಯ. ಗಾಜಿನ ಮೇಲೆ ಎರಡು ಹೆಬ್ಬೆರಳಿನಲ್ಲಿ ಗಳಿಸಿದ ವೇಗ ನಿಜವಾದ ಕೀಲಿಗಳ ಮೇಲೆ ಬರುವುದಿಲ್ಲ. ಆ್ಯಪ್ ಅವರಿಗೆ 38 ಎಂದು ತೋರಿಸುತ್ತಿತ್ತು. ಒಂದು ದಿನ ನನ್ನ ಲ್ಯಾಪ್‌ಟಾಪ್‌ಗೆ ಅದೇ ಕೀಬೋರ್ಡ್ ಹಾಕಿ, ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ಪಕ್ಕಕ್ಕಿಟ್ಟು, ಹತ್ತು ನಿಮಿಷ ಟೈಪ್ ಮಾಡಿಸಿದೆ. 29 ಬಂತು. ‘ಮೊಬೈಲ್‌ನ್ಯಾಗ ದಿನಾ 38 ಬರ್ತದ, ಇಲ್ಲಿ ಯಾಕ ಬರವಲ್ದು?’ ಎಂದು ಕೇಳಿದರು. ಅದನ್ನು ಹುಡುಕಲು ಕುಳಿತಾಗ ತಿಳಿದದ್ದು ಇಷ್ಟು.

ಮೊದಲಿಗೆ ‘ಪದ’ ಅಂದರೆ ಏನು ಎಂಬುದು. ಟೈಪಿಂಗ್ ಲೆಕ್ಕದಲ್ಲಿ ಪದವೆಂದರೆ ಐದು ಸಲ ಕೀಲಿ ಒತ್ತುವುದು, ಸ್ಪೇಸ್ ಕೂಡ ಅದರಲ್ಲಿ ಸೇರಿತು. ಕಮಿಷನ್ನಿನ ಅಧಿಸೂಚನೆಯೂ ಹೀಗೇ ಹೇಳುತ್ತದೆ: 35 ಪದ ಎಂದರೆ ಗಂಟೆಗೆ ಸುಮಾರು 10,500 ಕೀಲಿ. ಹತ್ತು ನಿಮಿಷಕ್ಕೆ 1,750. ಹಾಗಾಗಿ ಎಷ್ಟು ಪದ ಎಂದು ಕೇಳುವ ಬದಲು 1,750 ಮುಟ್ಟಿದೆನೇ ಎಂದು ಕೇಳಿಕೊಳ್ಳಿ. ವೈನಿಯವರದು ಆ ದಿನ 1,480. ಕೊರತೆ 270 ಕೀಲಿ.

ಒಂದು ಕಾರಣ ಆ್ಯಪ್ ಕೊಡುವ ಪಠ್ಯದಲ್ಲಿತ್ತು. monkeytype.com ತೆರೆದ ತಕ್ಷಣ ಸಿಗುವುದು ಚಿಕ್ಕ ಚಿಕ್ಕ ಸಾಮಾನ್ಯ ಪದಗಳು. ದೊಡ್ಡಕ್ಷರ ಇಲ್ಲ, ಅಲ್ಪವಿರಾಮ ಇಲ್ಲ, ಅಂಕಿ ಇಲ್ಲ, ಅವಧಿಯೂ ಅರ್ಧ ನಿಮಿಷ. ಪರೀಕ್ಷೆಯ ಪಠ್ಯದಲ್ಲಿ ಇವೆಲ್ಲ ಇರುತ್ತವೆ. ದೊಡ್ಡಕ್ಷರಕ್ಕೆ ಶಿಫ್ಟ್ ಒತ್ತಬೇಕು, ಅಂಕಿಗೆ ಬೆರಳು ಮೇಲಿನ ಸಾಲಿಗೆ ಹೋಗಿ ಬರಬೇಕು. ಅವಧಿಯ ಪರಿಣಾಮವೂ ಲೆಕ್ಕದಲ್ಲಿ ಕಂಡಿತು. ಮೊದಲ ಮೂರು ನಿಮಿಷ ವೈನಿ ನಿಮಿಷಕ್ಕೆ 165 ಕೀಲಿ ಒತ್ತಿದ್ದರು. ಉಳಿದ ಏಳು ನಿಮಿಷದ ಸರಾಸರಿ 141ಕ್ಕೆ ಇಳಿದಿತ್ತು. ಅರ್ಧ ನಿಮಿಷದ ಆಟ ಈ ಇಳಿತವನ್ನು ಎಂದೂ ತೋರಿಸುವುದಿಲ್ಲ.

ಇನ್ನೊಂದು ಕಾರಣ ಬ್ಯಾಕ್‌ಸ್ಪೇಸ್. government ಎಂದು ಹೊಡೆಯಲು ಹೋಗಿ govenrment ಆಯಿತು ಎಂದುಕೊಳ್ಳಿ. ತಪ್ಪಿದ್ದು ಐದನೇ ಅಕ್ಷರದಲ್ಲಿ, ಗೊತ್ತಾದದ್ದು ಪದ ಮುಗಿದ ಮೇಲೆ. ಆರು ಅಕ್ಷರ ಅಳಿಸಬೇಕು, ಆರು ಅಕ್ಷರ ಮತ್ತೆ ಹೊಡೆಯಬೇಕು. ಒಂದು ತಪ್ಪಿಗೆ ಹನ್ನೆರಡು ಕೀಲಿ, ಅಂದರೆ ಎರಡು ಪದಕ್ಕಿಂತ ಹೆಚ್ಚು. ಹತ್ತು ನಿಮಿಷದಲ್ಲಿ ಇಂಥವು ಹನ್ನೆರಡಾದರೆ 144 ಕೀಲಿ ಹೋಯಿತು, ಕೊರತೆಯ ಅರ್ಧಕ್ಕಿಂತ ಹೆಚ್ಚು ಇದೊಂದರಲ್ಲೇ. ಬೆರಳು ನಿಧಾನವಾಗಿರಲಿಲ್ಲ, ತಪ್ಪು ಜಾಸ್ತಿಯಾಗಿತ್ತು. ಇದನ್ನು ಕಂಡುಕೊಳ್ಳುವುದು ಸುಲಭ. ಆ್ಯಪ್ ವೇಗದ ಜೊತೆಗೆ ನಿಖರತೆಯ ಶೇಕಡಾವಾರನ್ನೂ ತೋರಿಸುತ್ತದೆ. ಅದು 95ಕ್ಕಿಂತ ಕೆಳಗಿದ್ದರೆ ವೇಗದ ಚಿಂತೆ ಬಿಟ್ಟು ಮೊದಲು ತಪ್ಪು ಕಡಿಮೆ ಮಾಡಿ.

ತಪ್ಪು ಎಲ್ಲಿಂದ ಬರುತ್ತದೆ? ವೈನಿ ನಾಲ್ಕು ಬೆರಳಿನಲ್ಲಿ, ಕೀಬೋರ್ಡ್ ನೋಡಿಕೊಂಡು ಹೊಡೆಯುತ್ತಿದ್ದರು. ಕಣ್ಣು ಪಠ್ಯದಿಂದ ಕೆಳಗಿಳಿದಾಗಲೆಲ್ಲ ಓದುತ್ತಿದ್ದ ಜಾಗ ತಪ್ಪುತ್ತದೆ, ಮತ್ತೆ ಹುಡುಕಬೇಕಾಗುತ್ತದೆ. ಇದಕ್ಕೆ keybr.com ಹಿಡಿಸಿತು. ಅದು ಮೊದಲು ಕೆಲವೇ ಅಕ್ಷರಗಳಿಂದ ಉಚ್ಚರಿಸಲು ಬರುವಂಥ ಅರ್ಥವಿಲ್ಲದ ಪದಗಳನ್ನು ಕಟ್ಟಿ ಕೊಡುತ್ತದೆ. ಆ ಅಕ್ಷರಗಳಲ್ಲಿ ನಿಗದಿತ ವೇಗ ಬಂದ ಮೇಲೆಯೇ ಹೊಸ ಅಕ್ಷರ ಸೇರುತ್ತದೆ. ಪದ ಪರಿಚಿತವಲ್ಲದ ಕಾರಣ ಊಹೆಯಿಂದ ಹೊಡೆಯಲಾಗುವುದಿಲ್ಲ, ಅಕ್ಷರ ಅಕ್ಷರವನ್ನೂ ಬೆರಳು ಹುಡುಕಿಕೊಳ್ಳಬೇಕು. ಕೈ ಎಲ್ಲಿದೆ ಎಂದು ತಿಳಿಯಲು F ಮತ್ತು J ಕೀಲಿಗಳ ಮೇಲೆ ಉಬ್ಬು ಗೆರೆ ಇರುತ್ತದೆ. ತೋರುಬೆರಳು ಅಲ್ಲಿ ನಿಂತರೆ ಉಳಿದವು ಸರಿಯಾಗಿ ಕೂರುತ್ತವೆ. ಬೆಳಿಗ್ಗೆ ಇಪ್ಪತ್ತು ನಿಮಿಷ, ರಾತ್ರಿ ಇಪ್ಪತ್ತು ನಿಮಿಷ ಅಭ್ಯಾಸ ಸಾಗಿತು.

ಇಲ್ಲೊಂದು ಎಚ್ಚರಿಕೆ. ಎಲ್ಲ ಬೆರಳು ಬಳಸಲು ಶುರುಮಾಡಿದ ಮೊದಲ ಎರಡು ವಾರ ವೈನಿಯವರ ವೇಗ 14ಕ್ಕೆ ಬಿದ್ದಿತ್ತು. ‘ಇದ್ದದ್ದೂ ಹೋತಲ್ಲೋ ತಮ್ಮಾ’ ಎಂದಿದ್ದರು. ಐದನೇ ವಾರಕ್ಕೆ ಹಳೆಯ ವೇಗ ಮರಳಿತು. ಆದ್ದರಿಂದ ಪರೀಕ್ಷೆಗೆ ಎರಡು ತಿಂಗಳಾದರೂ ಇದ್ದರೆ ಮಾತ್ರ ಬೆರಳಿನ ರೂಢಿ ಬದಲಿಸಿ. ಮೂರೇ ವಾರ ಉಳಿದಿದ್ದರೆ ಇರುವ ರೂಢಿಯಲ್ಲೇ ತಪ್ಪು ಕಡಿಮೆ ಮಾಡಿಕೊಳ್ಳುವುದು ಲೇಸು.

ಬೆರಳು ಕೂತ ಮೇಲೆ ಮತ್ತೆ monkeytype.com. ಈ ಸಲ ಮೇಲಿನ ಪಟ್ಟಿಯಲ್ಲಿ punctuation ಮತ್ತು numbers ಎರಡನ್ನೂ ಒತ್ತಿ, ಸಮಯವನ್ನು 600 ಸೆಕೆಂಡಿಗೆ ಇಟ್ಟುಕೊಂಡೆವು. custom ಆಯ್ದುಕೊಂಡರೆ ನಮ್ಮದೇ ಪಠ್ಯ ಹಾಕಬಹುದು. ಸೆಟ್ಟಿಂಗ್ಸ್‌ನಲ್ಲಿ confidence mode ಎಂಬುದನ್ನು max ಮಾಡಿದರೆ ಬ್ಯಾಕ್‌ಸ್ಪೇಸ್ ಕೆಲಸವೇ ಮಾಡುವುದಿಲ್ಲ. ವಾರಕ್ಕೆರಡು ದಿನ ಹೀಗೆ ಹೊಡೆದರೆ ತಪ್ಪಾಗುವ ಮುನ್ನವೇ ಬೆರಳು ನಿಧಾನವಾಗುವುದನ್ನು ಕಲಿಯುತ್ತದೆ. ನಮ್ಮೂರಿನ ಮಗ್ಗದ ಸದ್ದು ಕೇಳಿದವರಿಗೆ ಇದು ಗೊತ್ತು. ಲಾಳಿ ಒಂದೇ ಲಯದಲ್ಲಿ ಓಡಿದರೆ ಸಂಜೆಗೆ ಬಟ್ಟೆ ಹೆಚ್ಚು ಬರುತ್ತದೆ, ಅವಸರಿಸಿದರೆ ಎಳೆ ಹರಿದು ಕೂತು ಗಂಟು ಹಾಕಬೇಕು.

ಆದರೆ ಆ್ಯಪ್‌ನಿಂದ ಆಗದ ಒಂದು ಕೆಲಸ ಉಳಿಯುತ್ತದೆ. ಆ್ಯಪ್‌ನಲ್ಲಿ ಓದುವ ಸಾಲಿನ ಮೇಲೆಯೇ ಟೈಪ್ ಮಾಡುತ್ತೇವೆ. ಪರೀಕ್ಷೆಯಲ್ಲಿ ಪಠ್ಯ ಒಂದು ಕಡೆ, ಟೈಪ್ ಮಾಡುವ ಜಾಗ ಇನ್ನೊಂದು ಕಡೆ. ಇದಕ್ಕೆ ಕೊನೆಯ ಮೂರು ವಾರ ಮುದ್ರಿತ ಹಾಳೆ ಪಕ್ಕಕ್ಕಿಟ್ಟು ಲಿಬ್ರೆಆಫೀಸ್ ರೈಟರ್‌ನಲ್ಲಿ ಹೊಡೆಯಿರಿ. ಮೊದಲು ಅದರ ಆಟೋಕರೆಕ್ಟ್ ಮತ್ತು ಸ್ಪೆಲ್‌ಚೆಕ್ ನಿಲ್ಲಿಸಿ. ಇಲ್ಲದಿದ್ದರೆ ವಾಕ್ಯದ ಮೊದಲ ಅಕ್ಷರವನ್ನು ಅದೇ ದೊಡ್ಡದು ಮಾಡಿ ನಿಮ್ಮ ತಪ್ಪನ್ನು ಮುಚ್ಚಿಬಿಡುತ್ತದೆ. ಹತ್ತು ನಿಮಿಷವಾದ ಮೇಲೆ Word Count ತೆರೆದರೆ ಸ್ಪೇಸ್ ಸೇರಿಸಿ ಎಷ್ಟು ಅಕ್ಷರ ಎಂಬುದು ಸಿಗುತ್ತದೆ. ಆ ಸಂಖ್ಯೆಯನ್ನು ಐದರಿಂದ, ಆಮೇಲೆ ಹತ್ತರಿಂದ ಭಾಗಿಸಿ. ನಂತರ ಪೆನ್ನು ಹಿಡಿದು ಹಾಳೆಯೊಂದಿಗೆ ತಾಳೆ ನೋಡಿ ಬಿಟ್ಟ ಪದ, ತಪ್ಪಿದ ಪದ ಎಣಿಸಿ. ಎಷ್ಟು ತಪ್ಪಿಗೆ ವಿನಾಯಿತಿ, ತಿದ್ದಲು ಅವಕಾಶ ಇದೆಯೇ ಎಂಬುದು ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ, ಅದನ್ನು ನಿಮ್ಮ ವರ್ಷದ ಅಧಿಸೂಚನೆಯಲ್ಲೇ ಓದಿಕೊಳ್ಳಿ.

ವೈನಿ ಒಂಬತ್ತನೇ ವಾರದಲ್ಲಿ ಹೀಗೆ ಹೊಡೆದದ್ದು 1,790. ಗುರಿಗಿಂತ 40 ಕೀಲಿ ಮಾತ್ರ ಹೆಚ್ಚು. ಪರೀಕ್ಷಾ ಕೊಠಡಿಯ ಅಪರಿಚಿತ ಕೀಬೋರ್ಡಿಗೆ, ಎದೆಬಡಿತಕ್ಕೆ ಇದು ಸಾಲದು. ಈಗ ಅವರ ಗುರಿ 1,950, ಅಂದರೆ 39 ಪದ. ಅದಕ್ಕಿಂತ ಮೇಲೆ ಹೋಗುವ ಯೋಚನೆ ಅವರಿಗಿಲ್ಲ. 39 ಆದರೂ 60 ಆದರೂ ಪಾಸು ಒಂದೇ. ಉಳಿದ ಸಮಯವನ್ನು ಗಣಿತದ ಪತ್ರಿಕೆಗೆ ಇಟ್ಟಿದ್ದಾರೆ.