ಮೇಲಿನ ಗೆರೆ ಯಾವುದು?

ಎರಡು ವಕ್ರರೇಖೆಗಳ ನಡುವೆ ಸಿಕ್ಕಿಕೊಂಡ ಜಾಗದ ವಿಸ್ತೀರ್ಣ ಎಷ್ಟು? ಪಿಯುಸಿ ವಿಜ್ಞಾನ ಓದಿ ಪ್ರವೇಶ ಪರೀಕ್ಷೆಗೆ ಕೂರುವ ಮಕ್ಕಳಿಗೆ ಈ ಪ್ರಶ್ನೆ ಹೊಸದಲ್ಲ. ಆ ಜಾಗವನ್ನು ಕೂದಲೆಳೆಯಷ್ಟು ಸಪೂರವಾದ ನೆಟ್ಟನೆಯ ಪಟ್ಟಿಗಳಾಗಿ ಸೀಳಿದೆವು ಎಂದುಕೊಳ್ಳಿ. ಒಂದೊಂದು ಪಟ್ಟಿಯ ಎತ್ತರವೂ ಮೇಲಿನ ಗೆರೆಯಿಂದ ಕೆಳಗಿನ ಗೆರೆಯನ್ನು ಕಳೆದಷ್ಟು. ಎಲ್ಲ ಪಟ್ಟಿಗಳನ್ನೂ ಕೂಡಿಸುವುದೇ ಅನುಕಲನ, ಅಂದರೆ ಇಂಟಿಗ್ರೇಷನ್. ಸೂತ್ರ ಇಷ್ಟೇ. ಲೆಕ್ಕ ಕೆಡುವುದು ಸೂತ್ರದಲ್ಲಲ್ಲ, ಅದಕ್ಕೂ ಮೊದಲಿನ ಎರಡು ಹೆಜ್ಜೆಗಳಲ್ಲಿ: ಗೆರೆಗಳು ಎಲ್ಲೆಲ್ಲಿ ಕೂಡುತ್ತವೆ, ಯಾವುದು ಎಲ್ಲಿ ಮೇಲಿದೆ ಎಂದು ತೀರ್ಮಾನಿಸುವಲ್ಲಿ.

ಒಂದು ಲೆಕ್ಕವನ್ನೇ ಬಿಡಿಸಿ ನೋಡೋಣ. ಒಂದು ಗೆರೆ y = x³, ಇನ್ನೊಂದು y = x² + 2x. ಎರಡೂ ಕೂಡುವಲ್ಲಿ y ಒಂದೇ ಆಗಿರಬೇಕು, ಆದ್ದರಿಂದ x³ = x² + 2x. ಇಲ್ಲಿ ಎರಡೂ ಕಡೆ x ಇರುವುದು ಕಂಡ ಕೂಡಲೇ ಅದನ್ನು ಹೊಡೆದುಹಾಕಲು ಕೈ ಮುಂದಾಗುತ್ತದೆ. ಹಾಗೆ ಮಾಡಿದರೆ x² = x + 2 ಉಳಿದು, –1 ಮತ್ತು 2 ಎಂಬ ಎರಡು ಉತ್ತರ ಸಿಗುತ್ತವೆ. ಎರಡೂ ಸರಿಯೇ. ಆದರೆ x ನಿಂದ ಭಾಗಿಸುವಾಗ ಅದು ಸೊನ್ನೆಯಲ್ಲ ಎಂದು ನಾವು ಸದ್ದಿಲ್ಲದೆ ಒಪ್ಪಿಕೊಂಡಿರುತ್ತೇವೆ. ಹೀಗಾಗಿ x = 0 ಎಂಬ ಮೂರನೆಯ ಛೇದನ ಬಿಂದು ಕೈಬಿಟ್ಟುಹೋಗುತ್ತದೆ. ಭಾಗಿಸುವ ಬದಲು ಎಲ್ಲವನ್ನೂ ಒಂದೇ ಕಡೆಗೆ ತಂದು ಅಪವರ್ತಿಸಿದರೆ x(x – 2)(x + 1) = 0 ಎಂದಾಗುತ್ತದೆ; ಮೂರೂ ಬಿಂದುಗಳು ಕಣ್ಣೆದುರಿಗೇ ಇರುತ್ತವೆ.

ಕಳೆದುಹೋದ ಆ ಸೊನ್ನೆ ಸಣ್ಣ ವಿಷಯವಲ್ಲ. ಗೆರೆಗಳು ಮೇಲೆ ಕೆಳಗೆ ಅದಲುಬದಲಾಗುವುದು ಅಲ್ಲೇ. ಪರೀಕ್ಷಿಸಲು ಪ್ರತಿ ತುಂಡಿನ ನಡುವಿನ ಒಂದು ಬೆಲೆ ಸಾಕು. ಎಡ ತುಂಡಿನ ನಡುಬಿಂದು x = –1/2. ಅಲ್ಲಿ x³ ನ ಬೆಲೆ –1/8, x² + 2x ನ ಬೆಲೆ –3/4. ಎರಡೂ ಋಣ, ಎರಡೂ x-ಅಕ್ಷದ ಕೆಳಗಿವೆ. ಇದರಿಂದ ಗಾಬರಿಯಾಗಬೇಕಿಲ್ಲ. ನಮಗೆ ಬೇಕಿರುವುದು ಗೆರೆಗಳ ನಡುವಿನ ಅಂತರ, ಅಕ್ಷ ಎಲ್ಲಿದ್ದರೇನು? –1/8 ದೊಡ್ಡದು, ಹಾಗಾಗಿ x³ ಮೇಲಿದೆ, ಅಂತರ 5/8. ಬಲ ತುಂಡಿನ ನಡುವೆ x = 1 ಹಾಕಿದರೆ x³ ಗೆ 1, ಇನ್ನೊಂದಕ್ಕೆ 3. ಈಗ ಪರವಲಯ ಮೇಲೆ ಬಂದಿದೆ, ಅಂತರ 2.

ತುಂಡುಗಳನ್ನು ಬೇರೆಬೇರೆಯಾಗಿ ಅನುಕಲಿಸಿದರೆ ಎಡಕ್ಕೆ 5/12, ಬಲಕ್ಕೆ 8/3, ಒಟ್ಟು 37/12 ಚದರ ಮಾನ. ಸೊನ್ನೆಯನ್ನು ಮರೆತು x³ – x² – 2x ಅನ್ನು –1 ರಿಂದ 2 ರವರೆಗೆ ಒಂದೇ ಉಸಿರಿಗೆ ಅನುಕಲಿಸಿದವರಿಗೆ ಸಿಗುವುದು –9/4. ಎಡ ತುಂಡು ಧನವಾಗಿ, ಬಲ ತುಂಡು ಋಣವಾಗಿ ಬಂದು ಒಂದನ್ನೊಂದು ತಿಂದುಹಾಕಿವೆ. ವಿಸ್ತೀರ್ಣ ಋಣವಾಗದು ಎಂದು ಬಲ್ಲ ವಿದ್ಯಾರ್ಥಿ ಕೊನೆಯಲ್ಲಿ ಮೈನಸ್ ಚಿಹ್ನೆ ಅಳಿಸಿ 9/4 ಎಂದು ಬರೆಯುತ್ತಾನೆ. ನನ್ನ ಪ್ರಕಾರ ಈ ಲೆಕ್ಕದ ಅತಿ ಅಪಾಯಕಾರಿ ಘಳಿಗೆ ಇದೇ. ಆ ಮೈನಸ್ ಒಂದು ಎಚ್ಚರಿಕೆ. ಅದನ್ನು ಅಳಿಸುವ ಬದಲು ಹಿಂದಕ್ಕೆ ಹೋಗಿ ಛೇದನ ಬಿಂದುಗಳನ್ನು ಮತ್ತೆ ಎಣಿಸಬೇಕು.

ಎಲ್ಲ ಛೇದನ ಬಿಂದುವಿನಲ್ಲೂ ಗೆರೆಗಳು ಅದಲುಬದಲಾಗುತ್ತವೆ ಎಂದುಕೊಳ್ಳುವುದೂ ತಪ್ಪು. y = x² ಮತ್ತು y = x⁴ ಗೆರೆಗಳು ಸೊನ್ನೆಯಲ್ಲಿ ಮುಟ್ಟಿ ಹಿಂದೆ ಸರಿಯುತ್ತವೆ, ದಾಟುವುದಿಲ್ಲ. –1 ರಿಂದ 1 ರವರೆಗೆ, ಮುಟ್ಟುವ ಆ ಬಿಂದುವಿನ ಎರಡೂ ಬದಿಯಲ್ಲಿ, x² ಗೆರೆಯೇ ಮೇಲಿರುತ್ತದೆ. ಅಪವರ್ತನದಲ್ಲಿ x² ಎಂದು ಇಮ್ಮಡಿಯಾಗಿ ಬರುವುದು ಇದರ ಗುರುತು. ಆದ್ದರಿಂದ ಪ್ರತಿ ತುಂಡಿಗೂ ಒಂದು ಬೆಲೆ ಹಾಕಿ ನೋಡುವುದೇ ಸುರಕ್ಷಿತ.

ಆ ಬೆಲೆಯನ್ನು ತುಂಡಿನ ಸರಿಯಾಗಿ ನಡುವೆಯೇ ಆರಿಸಿದರೆ ಇನ್ನೊಂದು ಲಾಭವಿದೆ. ಗೆರೆಗಳ ಅಂತರ ಮೂರನೇ ಘಾತದ ಒಳಗಿನ ಬಹುಪದವಾಗಿದ್ದು, ತುಂಡಿನ ಎರಡೂ ತುದಿಯಲ್ಲಿ ಗೆರೆಗಳು ಕೂಡಿದ್ದರೆ, ಅಗಲವನ್ನು ನಡುವಿನ ಅಂತರದಿಂದ ಗುಣಿಸಿ ಮೂರರಲ್ಲಿ ಎರಡು ಪಾಲು ತೆಗೆದುಕೊಂಡರೆ ವಿಸ್ತೀರ್ಣ ಕರಾರುವಾಕ್ಕಾಗಿ ಸಿಗುತ್ತದೆ. ನಮ್ಮ ಎಡ ತುಂಡಿನ ಅಗಲ 1, ಅಂತರ 5/8. ಮೂರರಲ್ಲಿ ಎರಡು ಪಾಲು 5/12. ಬಲದ ಅಗಲ 2, ಅಂತರ 2. ಮೂರರಲ್ಲಿ ಎರಡು ಪಾಲು 8/3. ಇದು ಸಿಂಪ್ಸನ್ ನಿಯಮದ ಫಲ. ಪರವಲಯವನ್ನು ಸರಳರೇಖೆ ಕತ್ತರಿಸುವ ಸಂದರ್ಭದಲ್ಲಿ ಇದೇ ಮಾತನ್ನು ಸಿರಾಕ್ಯೂಸಿನ ಆರ್ಕಿಮಿಡೀಸ್ ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ, ಅನುಕಲನವಿಲ್ಲದೆ, ತ್ರಿಕೋನಗಳನ್ನು ಜೋಡಿಸಿ ಸಾಧಿಸಿದ್ದ. ಮುಂದಿನ ಸಲ ಇಂಥ ಲೆಕ್ಕ ಬಿಡಿಸಿದಾಗ ಉತ್ತರದ ಕೆಳಗೆ ಗೆರೆ ಎಳೆಯುವ ಮೊದಲು ಈ ಗುಣಾಕಾರವನ್ನೊಮ್ಮೆ ಮಾಡಿ ನೋಡಿ.