ಹಾಲಿನ ಕವರ್ ಇಳಿಯುವ ಮೆಟ್ಟಿಲುಗಳು

ಬೆಳಿಗ್ಗೆ ಬಾಗಿಲ ಬಳಿ ಬಂದು ಬಿದ್ದಾಗ ಅದರ ಹೆಸರು ಹಾಲಿನ ಪ್ಯಾಕೆಟ್. ಮೂಲೆ ಕತ್ತರಿಸಿ, ಹಾಲನ್ನು ಪಾತ್ರೆಗೆ ಸುರಿದ ಮರುಕ್ಷಣ ಅದೇ ವಸ್ತು ಹಾಲಿನ ಕವರ್. ನಮ್ಮ ಮಾತಿನಲ್ಲೇ ಈ ಬದಲಾವಣೆ ಇದೆ. ವಸ್ತು ಕಸವಾಗುವ ಗಳಿಗೆ ಯಾವುದು ಎಂದು ಪರಿಸರ ವಿಜ್ಞಾನದ ಮೊದಲ ವರ್ಷದ ವಿದ್ಯಾರ್ಥಿಗಳು ಕೇಳಿದರೆ ನಾನು ಈ ಗಳಿಗೆಯನ್ನೇ ತೋರಿಸುತ್ತೇನೆ. ಅಲ್ಲಿಂದ ಮುಂದೆ ಆ ಮೂರು ಗ್ರಾಂ ಪ್ಲಾಸ್ಟಿಕ್ ಎತ್ತ ಹೋಗುತ್ತದೆ ಎಂಬುದನ್ನು ಹಿಂಬಾಲಿಸಿದರೆ, ಪಠ್ಯದಲ್ಲಿ ತ್ಯಾಜ್ಯ ಶ್ರೇಣಿ ಎಂದು ಕರೆಯುವ ವಿಚಾರ ಪೂರ್ತಿ ಅರ್ಥವಾಗುತ್ತದೆ.

ಶ್ರೇಣಿಯನ್ನು ಏಣಿಯ ಹಾಗೆ ಕಲ್ಪಿಸಿಕೊಂಡವರು ಡಚ್ಚರು. ನೆದರ್ಲೆಂಡ್ಸ್ ಸಂಸತ್ತಿನ ಸದಸ್ಯರಾಗಿದ್ದ ಆಡ್ ಲಾನ್‌ಸಿಂಕ್ 1979ರಲ್ಲಿ ಮಂಡಿಸಿದ ನಿರ್ಣಯದಿಂದ ಅದಕ್ಕೆ ಲಾನ್‌ಸಿಂಕ್ ಏಣಿ ಎಂಬ ಹೆಸರೇ ಬಂತು. ಯುರೋಪಿಯನ್ ಒಕ್ಕೂಟದ 2008ರ ತ್ಯಾಜ್ಯ ನಿರ್ದೇಶನ ಅದನ್ನು ಐದು ಮೆಟ್ಟಿಲಾಗಿ ಬರೆಯಿತು. ಕಸವೇ ಹುಟ್ಟದಂತೆ ತಡೆಯುವುದು ಮೇಲಿನ ಮೆಟ್ಟಿಲು. ವಸ್ತುವನ್ನು ಇದ್ದ ರೂಪದಲ್ಲೇ ಮತ್ತೆ ಬಳಸುವುದು ಎರಡನೆಯದು. ಕರಗಿಸಿ ಅಥವಾ ಪುಡಿಮಾಡಿ ಹೊಸ ವಸ್ತು ಮಾಡುವುದು ಮೂರನೆಯದು. ಸುಟ್ಟು ಶಾಖವನ್ನಾದರೂ ಪಡೆಯುವುದು ನಾಲ್ಕನೆಯದು. ಗುಂಡಿಗೆ ಸುರಿಯುವುದು ಕೊನೆಯದು.

ಇಲ್ಲಿ ಕನ್ನಡದ ವಿದ್ಯಾರ್ಥಿಗೆ ಒಂದು ತೊಡಕಿದೆ. ಎರಡನೆಯ ಮೆಟ್ಟಿಲನ್ನೂ ಮೂರನೆಯದನ್ನೂ ನಾವು ‘ಮರುಬಳಕೆ’ ಎಂದೇ ಹೇಳಿಬಿಡುತ್ತೇವೆ. ಹಾರ್ಲಿಕ್ಸ್ ಬಾಟಲಿಗೆ ಸಾಸಿವೆ ತುಂಬಿಡುವುದೂ ಮರುಬಳಕೆ, ಅದೇ ಬಾಟಲಿಯನ್ನು ಗುಜರಿಗೆ ಹಾಕಿ, ಅದು ಒಡೆದು ಕುಲುಮೆಗೆ ಹೋಗುವುದೂ ಮರುಬಳಕೆ! ಮೊದಲನೆಯದಕ್ಕೆ ಬೇಕಾದದ್ದು ಒಂದು ತೊಳೆತ. ಎರಡನೆಯದಕ್ಕೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖ. ಇವೆರಡನ್ನು ಬೇರೆ ಮಾಡಿ ನೋಡದಿದ್ದರೆ ಏಣಿಗೆ ಅರ್ಥವೇ ಉಳಿಯುವುದಿಲ್ಲ. ಹಾಗಾಗಿ ಎರಡನೆಯದಕ್ಕೆ ಮಾತ್ರ ಮರುಬಳಕೆ ಎಂದೂ, ಮೂರನೆಯದಕ್ಕೆ ಮರುಸಂಸ್ಕರಣೆ ಎಂದೂ ಈ ಬರಹದಲ್ಲಿ ಹೇಳುತ್ತೇನೆ.

ಈಗ ಕವರಿಗೆ ಬರೋಣ. ಅರ್ಧ ಲೀಟರ್ ಪ್ಯಾಕೆಟ್ಟನ್ನು ಬಿಡಿಸಿ ಹರಡಿದರೆ ಸುಮಾರು 15 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದ, ಎರಡು ಬದಿ. ಒಟ್ಟು 600 ಚದರ ಸೆಂಟಿಮೀಟರ್. ದಪ್ಪ 55 ಮೈಕ್ರಾನ್ ಎಂದಿಟ್ಟುಕೊಂಡು, ಪಾಲಿಥೀನಿನ ಸಾಂದ್ರತೆ 0.92ರಿಂದ ಗುಣಿಸಿದರೆ ಮೂರು ಗ್ರಾಂ ಬರುತ್ತದೆ. ದಿನಕ್ಕೆ ಒಂದು ಲೀಟರ್ ಹಾಲು ಕೊಳ್ಳುವ ಮನೆಯಲ್ಲಿ ಅರ್ಧ ಲೀಟರಿನ ಎರಡು ಪ್ಯಾಕೆಟ್ ತಂದರೆ ಆರು ಗ್ರಾಂ. ಒಂದು ಲೀಟರಿನ ಒಂದೇ ಪ್ಯಾಕೆಟ್ ತಂದರೆ? ಅದೇ ಆಕಾರ, ಅದೇ ದಪ್ಪವಿದ್ದರೆ ಒಳಗಿನ ಹಾಲು ಎರಡು ಪಟ್ಟಾದಾಗ ಸುತ್ತಿದ ಹಾಳೆ ಎರಡು ಪಟ್ಟಾಗುವುದಿಲ್ಲ, 1.6 ಪಟ್ಟಷ್ಟೇ ಆಗುತ್ತದೆ. ಅಂದರೆ 4.8 ಗ್ರಾಂ. ದಿನಕ್ಕೆ ಉಳಿದದ್ದು 1.2 ಗ್ರಾಂ, ವರ್ಷಕ್ಕೆ ಸುಮಾರು 440 ಗ್ರಾಂ. ಅರ್ಧ ಲೀಟರಿನ ಹೆಚ್ಚುಕಡಿಮೆ 146 ಕವರುಗಳಷ್ಟು ಪ್ಲಾಸ್ಟಿಕ್ ಹುಟ್ಟಲೇ ಇಲ್ಲ. ಯಾರೂ ಅದನ್ನು ತೊಳೆಯಬೇಕಿಲ್ಲ, ಹೊರಬೇಕಿಲ್ಲ, ಕರಗಿಸಬೇಕಿಲ್ಲ. ತಡೆ ಎಂದರೆ ಇದು. ಕಣ್ಣಿಗೆ ಕಾಣದ ಕೆಲಸವಾದ್ದರಿಂದ ಇದರ ಫೋಟೊ ಯಾರೂ ತೆಗೆಯುವುದಿಲ್ಲ. ಏಣಿಯ ತುದಿ ಜನರ ಗಮನಕ್ಕೆ ಬೀಳದಿರುವುದೂ ಈ ಕಾರಣಕ್ಕೇ ಎಂದು ನನಗನಿಸಿದೆ.

ಆದರೆ ಒಂದು ಎಚ್ಚರಿಕೆ. ಇಬ್ಬರೇ ಇರುವ ಮನೆಗೆ ಲೀಟರ್ ಪ್ಯಾಕೆಟ್ ತಂದು, ಬೇಸಿಗೆಯಲ್ಲಿ ಅರ್ಧ ಹಾಲು ಒಡೆದು ಚೆಲ್ಲಿದರೆ ಲೆಕ್ಕ ತಲೆಕೆಳಗಾಗುತ್ತದೆ. ಆ ಹಾಲಿನ ಹಿಂದೆ ಹಸುವಿನ ಮೇವು, ನೀರು, ಶೈತ್ಯಾಗಾರದ ವಿದ್ಯುತ್ತು, ಲಾರಿಯ ಡೀಸೆಲ್ ಎಲ್ಲವೂ ಇದೆ. ಒಂದೂ ಚಿಲ್ಲರೆ ಗ್ರಾಂ ಪ್ಲಾಸ್ಟಿಕ್ ಉಳಿಸಲು ಹೋಗಿ ಅರ್ಧ ಲೀಟರ್ ಹಾಲು ಕಳೆದುಕೊಂಡವರು ಕಸ ತಡೆದಂತಾಗುವುದಿಲ್ಲ.

ಪ್ಯಾಕೆಟ್ಟೇ ಇಲ್ಲದ ಹಾಲು ಈಗಲೂ ಉಂಟು. ಊರುಗಳಲ್ಲಿ, ನಗರದ ಅಂಚಿನ ಬಡಾವಣೆಗಳಲ್ಲಿ ವರ್ತನೆಯ ಹಾಲಿನವರು ಕ್ಯಾನ್ ತರುತ್ತಾರೆ, ನಾವು ಪಾತ್ರೆ ಒಡ್ಡುತ್ತೇವೆ. ಕ್ಯಾನೂ ಪಾತ್ರೆಯೂ ಸಾವಿರಾರು ಸಲ ಬಳಕೆಯಾಗುತ್ತವೆ. ಇದು ಎರಡನೆಯ ಮೆಟ್ಟಿಲಿನ ಅಪ್ಪಟ ಮಾದರಿ, ಮೊದಲನೆಯದಕ್ಕೂ ತಾಗುತ್ತದೆ. ಗಾಜಿನ ಬಾಟಲಿಯ ವಿಷಯ ಇಷ್ಟು ಸಲೀಸಲ್ಲ. ಬಾಟಲಿ ನೂರಾರು ಗ್ರಾಂ ತೂಗುತ್ತದೆ, ಬಿಸಿ ಕಾಸ್ಟಿಕ್ ನೀರಿನಲ್ಲಿ ತೊಳೆಯಬೇಕು, ಖಾಲಿಯಾದದ್ದನ್ನು ಗಾಡಿಯಲ್ಲಿ ವಾಪಸು ತರಬೇಕು. ಹತ್ತಾರು ಸುತ್ತು ತಿರುಗಿದರೆ ಲಾಭ. ಎರಡೇ ಸುತ್ತಿಗೆ ಒಡೆದರೆ ಮೂರು ಗ್ರಾಂ ಕವರೇ ಮೇಲು. ಬಟ್ಟೆ ಚೀಲಕ್ಕೂ ಇದೇ ಷರತ್ತು. ಬ್ರಿಟನ್ನಿನ ಪರಿಸರ ಏಜೆನ್ಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನದ ಮೇಲೆ ಕಡಿಮೆ ಹೊರೆಯಾಗಬೇಕಾದರೆ ಹತ್ತಿಯ ಚೀಲವನ್ನು 131 ಸಲ ಬಳಸಬೇಕು. ಮದುವೆಮನೆಯಲ್ಲಿ ತಾಂಬೂಲಕ್ಕೆ ಕೊಟ್ಟ ಹತ್ತು ಚೀಲ ಬೀರುವಿನಲ್ಲಿ ಮಲಗಿದ್ದರೆ ಅದು ಎರಡನೆಯ ಮೆಟ್ಟಿಲಲ್ಲ. ಚೀಲ ಮನೆಯಲ್ಲಿದ್ದರೆ ಸಾಲದು, ಅದು ಸಂತೆಗೆ ಹೋಗಿ ಬರುತ್ತಿರಬೇಕು.

ಖಾಲಿ ಕವರಿನ ಮರುಬಳಕೆ ನಮ್ಮಲ್ಲಿ ಹೆಚ್ಚಾಗಿ ಸಸಿಗೆ. ತಳದಲ್ಲಿ ನಾಲ್ಕು ತೂತು ಮಾಡಿ, ಮಣ್ಣು ತುಂಬಿ, ನುಗ್ಗೆಯದೋ ಪಪ್ಪಾಯಿಯದೋ ಬೀಜ ಹಾಕುತ್ತಾರೆ. ಒಳ್ಳೆಯ ಕೆಲಸವೇ. ಆದರೆ ನೆಡುವಾಗ ಕವರ್ ಸೀಳಿ ತೆಗೆಯಬೇಕು. ಮಣ್ಣು ಮೆತ್ತಿದ, ಬಿಸಿಲಿಗೆ ಪೆಡಸಾದ ಆ ಕವರನ್ನು ಗುಜರಿಯವರು ಮುಟ್ಟುವುದಿಲ್ಲ. ಒಂದು ಸಲದ ಮರುಬಳಕೆಗಾಗಿ ಮರುಸಂಸ್ಕರಣೆಯ ದಾರಿ ಮುಚ್ಚಿತು.

ಆ ದಾರಿ ಹಾಲಿನ ಕವರಿನ ಮಟ್ಟಿಗೆ ನಿಜಕ್ಕೂ ಚೆನ್ನಾಗಿದೆ. ಒಣ ಕಸ ಸಂಗ್ರಹಣಾ ಕೇಂದ್ರದಲ್ಲಿ ನಿಂತು ನೋಡಿದರೆ ತಿಳಿಯುತ್ತದೆ, ಅಲ್ಲಿನ ಹೆಂಗಸರು ಹಾಲಿನ ಕವರನ್ನು ಬೇರೆಯೇ ಚೀಲಕ್ಕೆ ಹಾಕುತ್ತಾರೆ. ಪೂರ್ತಿ ಪಾಲಿಥೀನ್ ಆದ್ದರಿಂದ ಅದಕ್ಕೆ ಬೆಲೆ ಇದೆ. ಚಿಪ್ಸ್ ಪೊಟ್ಟಣಕ್ಕೆ ಇಲ್ಲ. ಅದರಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಪದರಗಳು, ಲೋಹದ ಲೇಪ ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸಲಾಗದು. ಕಾರ್ಖಾನೆಯಲ್ಲಿ ಹಾಲಿನ ಕವರನ್ನು ಚೂರು ಮಾಡಿ ನೀರಿನ ತೊಟ್ಟಿಗೆ ಹಾಕುತ್ತಾರೆ. ಪಾಲಿಥೀನ್ ನೀರಿಗಿಂತ ಹಗುರ, ತೇಲುತ್ತದೆ. ಮರಳು, ಮಣ್ಣು ಮುಳುಗುತ್ತವೆ. ತೇಲಿದ್ದನ್ನು ಉಜ್ಜಿ ತೊಳೆದು, ಒಣಗಿಸಿ, ಸುಮಾರು 200 ಡಿಗ್ರಿಯಲ್ಲಿ ಕರಗಿಸಿ, ಜಾಲರಿಯಲ್ಲಿ ಸೋಸಿ ಶಾವಿಗೆಯಂತೆ ಹೊರಗೆ ಎಳೆಯುತ್ತಾರೆ. ನೀರಿನಲ್ಲಿ ತಣಿಸಿ ಕತ್ತರಿಸಿದರೆ ಕಾಳು. ಕವರಿನ ಮೇಲಿದ್ದ ನೀಲಿ, ಹಸಿರು, ಕಿತ್ತಳೆ ಶಾಯಿಯೆಲ್ಲ ಬೆರೆತು ಕಾಳು ಮಾಸಲು ಬಣ್ಣಕ್ಕೆ ತಿರುಗಿರುತ್ತದೆ. ಅದರಿಂದ ಮತ್ತೆ ಹಾಲಿನ ಪ್ಯಾಕೆಟ್ ಮಾಡುವುದಿಲ್ಲ. ತೋಟದ ಕಪ್ಪು ಪೈಪು, ಕಸದ ಚೀಲ, ನರ್ಸರಿ ಚೀಲ ಆಗುತ್ತದೆ. ಮೂರನೆಯ ಮೆಟ್ಟಿಲಿನಲ್ಲಿ ವಸ್ತು ಉಳಿದರೂ ಅದರ ದರ್ಜೆ ಇಳಿಯುತ್ತದೆ.

ಈ ಕೆಲಸ ಕೆಡುವುದು ನಮ್ಮ ಅಡುಗೆಮನೆಯಲ್ಲೇ. ತೊಳೆಯದ ಕವರಿನ ಹಾಲಿನ ಕೊಬ್ಬು ಎರಡೇ ದಿನದಲ್ಲಿ ಮುಗ್ಗಲು ನಾರುತ್ತದೆ, ಹುಳು ಬೀಳುತ್ತದೆ. ಅದನ್ನು ಕೈಯಿಂದ ವಿಂಗಡಿಸುವವರು ನಮ್ಮಂಥದೇ ಮನುಷ್ಯರು. ಒಂದು ಲೋಟ ನೀರಿನಲ್ಲಿ ಕುಲುಕಿ, ಆ ನೀರನ್ನು ಗಿಡಕ್ಕೆ ಹಾಕಿ, ಕವರನ್ನು ಸಿಂಕಿನ ಅಂಚಿಗೆ ಬೋರಲು ಹಾಕಿದರೆ ಸಂಜೆಗೆ ಒಣಗಿರುತ್ತದೆ.

ಇನ್ನು ಕತ್ತರಿಸಿದ ಆ ಮೂಲೆ. ಎರಡು ಸೆಂಟಿಮೀಟರಿನ ತ್ರಿಕೋನದ ತೂಕ ಸುಮಾರು 0.02 ಗ್ರಾಂ. ಹತ್ತು ಲಕ್ಷ ಮನೆಯ ಮೂಲೆಗಳನ್ನು ಕೂಡಿಸಿದರೂ 20 ಕಿಲೋ. ತೂಕ ನೋಡಿದರೆ ಏನೂ ಅಲ್ಲ, ಎಣಿಕೆ ನೋಡಿದರೆ ಹತ್ತು ಲಕ್ಷ ಚೂರು. ಒಂದನ್ನೂ ಯಾರೂ ಆಯಲಾರರು. ಅವು ತರಕಾರಿ ಸಿಪ್ಪೆಯ ಜೊತೆ ಹಸಿ ಕಸಕ್ಕೆ ಬಿದ್ದು, ಗೊಬ್ಬರದ ಜರಡಿ ದಾಟಿ ಹೊಲ ಸೇರುತ್ತವೆ. ಮೂಲೆಯನ್ನು ಪೂರ್ತಿ ತುಂಡರಿಸದೆ, ಒಂದು ಎಳೆಯಲ್ಲಿ ಕವರಿಗೇ ನೇತಾಡುವಂತೆ ಕತ್ತರಿಸಿದರೆ ಅದೂ ಕವರಿನ ಜೊತೆಗೇ ಹೋಗುತ್ತದೆ.

ನಾಲ್ಕನೆಯ ಮೆಟ್ಟಿಲಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಹಂಡೆ ಒಲೆಗೆ ಹಾಲಿನ ಕವರ್ ತುರುಕಿ ಸ್ನಾನದ ನೀರು ಕಾಯಿಸುವ ಮನೆಗಳಿವೆ, ಶಕ್ತಿ ಪಡೆದೆವಲ್ಲ ಎಂದು ವಾದಿಸುವವರೂ ಇದ್ದಾರೆ. ಒಂದು ಕಿಲೋ ಪಾಲಿಥೀನಿನಲ್ಲಿ ಸುಮಾರು 11,000 ಕಿಲೋಕ್ಯಾಲರಿ ಶಾಖವಿದೆ ಎಂಬುದು ನಿಜ, ನಮ್ಮ ಕಲ್ಲಿದ್ದಲಿಗಿಂತ ಎರಡು ಪಟ್ಟಿಗೂ ಹೆಚ್ಚು. ಆದರೆ ಒಲೆಯಲ್ಲಿ ಶಾಖವೂ ಗಾಳಿಯೂ ಸಾಲದೆ ಅದು ಅರೆಬರೆ ಉರಿಯುತ್ತದೆ. ಉಳಿದದ್ದು ಕರಿಹೊಗೆಯಾಗಿ, ಕಾರ್ಬನ್ ಮಾನಾಕ್ಸೈಡ್ ಆಗಿ ಒಲೆ ಊದುವವರ ಎದೆಗೆ ಹೋಗುತ್ತದೆ. ಸಿಮೆಂಟ್ ಗೂಡಿನ ಮಾತು ಬೇರೆ. ಅಲ್ಲಿ ಕಲ್ಲೇ 1400 ಡಿಗ್ರಿ ದಾಟಿ ಕಾಯುತ್ತದೆ, ಪ್ಲಾಸ್ಟಿಕ್ ಪೂರ್ತಿ ಉರಿದು ಅಷ್ಟು ಕಲ್ಲಿದ್ದಲು ಉಳಿಯುತ್ತದೆ. ಚಿಪ್ಸ್ ಪೊಟ್ಟಣಕ್ಕೆ ಸರಿಯಾದ ಜಾಗ ಇದು. ಹಾಲಿನ ಕವರಿಗೆ ಅಲ್ಲ, ಅದಕ್ಕೆ ಮೇಲಿನ ಮೆಟ್ಟಿಲಿನಲ್ಲೇ ಜಾಗವಿತ್ತು. ಇನ್ನು ಹಸಿ ಕಸವನ್ನು ಉರಿಸುವುದಂತೂ ಅನ್ನದ ಗಂಜಿಗೆ ಬೆಂಕಿ ಹಚ್ಚಿದಂತೆ, ಇದ್ದ ಶಾಖ ನೀರನ್ನು ಆವಿ ಮಾಡುವುದರಲ್ಲೇ ಮುಗಿಯುತ್ತದೆ. ಆದ್ದರಿಂದಲೇ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಿಲೋಗೆ 1500 ಕಿಲೋಕ್ಯಾಲರಿ ಎಂಬ ಗೆರೆ ಎಳೆದವು. ಮರುಸಂಸ್ಕರಿಸಲಾಗದ ಕಸದಲ್ಲಿ ಶಾಖ ಅಷ್ಟಿದ್ದರೆ ಅದನ್ನು ಗುಂಡಿಗೆ ಹಾಕದೆ ಶಕ್ತಿಗೆ ಬಳಸಬೇಕು ಎಂದವು.

ಕೊನೆಯ ಮೆಟ್ಟಿಲು ಬೆಂಗಳೂರಿನವರಿಗೆ ಹೆಸರಿನಿಂದಲೇ ಗೊತ್ತು: ಮಾವಳ್ಳಿಪುರ, ಮಂಡೂರು. ನಗರದ ಬೆರಕೆ ಕಸ ವರ್ಷಗಟ್ಟಲೆ ಈ ಹಳ್ಳಿಗಳಿಗೆ ಹೋಯಿತು. ಊರವರು ಲಾರಿ ತಡೆದು ಹೋರಾಡಿದ ಮೇಲೆ ಮಾವಳ್ಳಿಪುರಕ್ಕೆ 2012ರಲ್ಲಿ, ಮಂಡೂರಿಗೆ 2014ರ ಕೊನೆಗೆ ಕಸ ಸಾಗಿಸುವುದು ನಿಂತಿತು. ಗುಡ್ಡದೊಳಗೆ ಹಾಲಿನ ಕವರ್ ಕೊಳೆಯುವುದಿಲ್ಲ. ಆದರೆ ಹಳಸಿದ ಅನ್ನವನ್ನು ಕವರಿನಲ್ಲಿ ಗಂಟುಕಟ್ಟಿ ಎಸೆದಿದ್ದರೆ ಒಳಗೆ ಗಾಳಿಯಿಲ್ಲದೆ ಅನ್ನ ಕೊಳೆತು ಮೀಥೇನ್ ಹುಟ್ಟುತ್ತದೆ. ಮಳೆ ನೀರು ಈ ಎಲ್ಲದರ ನಡುವೆ ಇಳಿದು ಕಪ್ಪು ರಸವಾಗಿ ಅಂತರ್ಜಲದ ಕಡೆ ಹರಿಯುತ್ತದೆ.

ಇಂಥ ಹಳೆಯ ಗುಡ್ಡಗಳನ್ನು ಈಗ ದೇಶದ ಹಲವೆಡೆ ಅಗೆಯುತ್ತಿದ್ದಾರೆ. ಅಗೆದದ್ದನ್ನು ದೊಡ್ಡ ಸುತ್ತುಜರಡಿಗೆ ಹಾಕಿದಾಗ ಕಲ್ಲು ಒಂದು ಕಡೆ, ಕರಿಮಣ್ಣು ಒಂದು ಕಡೆ ಬೀಳುತ್ತದೆ. ಜರಡಿಯ ತುದಿಯಿಂದ ಹೊರಬರುವುದು ರಾಶಿ ರಾಶಿ ಪ್ಲಾಸ್ಟಿಕ್. ಅದರಲ್ಲಿ ಹಾಲಿನ ಕವರೂ ಇರುತ್ತದೆ, ಕೆಲವೊಮ್ಮೆ ಮೇಲಿನ ಅಕ್ಷರವನ್ನು ಇನ್ನೂ ಓದಬಹುದು. ಆದರೆ ಮಣ್ಣು, ಕೊಳೆರಸ ಹೀರಿಕೊಂಡ ಅದನ್ನು ತೊಳೆದು ಕಾಳು ಮಾಡುವ ಖರ್ಚು ಯಾರಿಗೂ ಗಿಟ್ಟುವುದಿಲ್ಲ. ಅದನ್ನು ಒತ್ತಿ ಕಟ್ಟಿ ಸಿಮೆಂಟ್ ಕಾರ್ಖಾನೆಗೆ ಕಳುಹಿಸುತ್ತಾರೆ. ಐದು ಮೆಟ್ಟಿಲು ಇಳಿದಿದ್ದ ಕವರ್ ಅಷ್ಟೆಲ್ಲ ಅಗೆತದ ನಂತರ ಮೇಲೆ ಬಂದದ್ದು ಒಂದೇ ಮೆಟ್ಟಿಲು.